ಮೊದಲು ಸಮೀಕರಣ ಬರೆ, ಆಮೇಲೆ ಬಿಡಿಸು

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ. ವರ್ಗ ಸಮೀಕರಣಗಳನ್ನು ನೇರವಾಗಿ ಕೊಟ್ಟರೆ ಬಿಡಿಸುತ್ತೇನೆ. ಬಸ್ಸು, ದೋಣಿ, ವಯಸ್ಸು ಎಂದು ವಾಕ್ಯದಲ್ಲಿ ಕೊಟ್ಟರೆ ಕೈ ಓಡುವುದಿಲ್ಲ. ಪರೀಕ್ಷೆಗೆ ಮೂರೇ ವಾರ ಇದೆ. ಅಂಥ ಲೆಕ್ಕಗಳ ಉತ್ತರಗಳನ್ನೆಲ್ಲ ಬರೆದು ಕಳಿಸಿದರೆ ಬಾಯಿಪಾಠ ಮಾಡಿಕೊಳ್ಳುತ್ತೇನೆ, ಸರ್.

ಉತ್ತರ: ಬರೀ ಉತ್ತರಗಳನ್ನು ನಾನು ಕಳಿಸುವುದಿಲ್ಲಮ್ಮ. ನೇರ ಸಮೀಕರಣ ಬಿಡಿಸುತ್ತೇನೆ ಎಂದು ನೀನೇ ಬರೆದಿದ್ದೀಯ. ಹಾಗಾದರೆ ನಿನಗೆ ತೊಡಕಾಗಿರುವುದು ವಾಕ್ಯ ಓದಿ ಸಮೀಕರಣ ಬರೆಯುವ ಮೊದಲ ಎರಡು ಮೂರು ಸಾಲು ಮಾತ್ರ. ಪರೀಕ್ಷೆಯಲ್ಲಿ ಅಂಕಿಗಳು ಬದಲಾದರೆ ಬಾಯಿಪಾಠದ ಉತ್ತರ ಅಲ್ಲೇ ಕೈಕೊಡುತ್ತದೆ. ಆದರೆ ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ಹೊಸದಾಗಿ ಕಲಿಯುವವರಿಗೆ ಅಷ್ಟು ಬೇಕೇ ಬೇಕು.

ಒಂದು ಬಸ್ಸು 240 ಕಿ.ಮೀ. ದೂರವನ್ನು ಒಂದೇ ವೇಗದಲ್ಲಿ ಸಾಗುತ್ತದೆ. ವೇಗ ಗಂಟೆಗೆ 20 ಕಿ.ಮೀ. ಹೆಚ್ಚಿದ್ದರೆ 1 ಗಂಟೆ ಮೊದಲೇ ತಲುಪುತ್ತಿತ್ತು. ಬಸ್ಸಿನ ವೇಗ ಎಷ್ಟು?

ಕೇಳಿರುವುದು ವೇಗ, ಅದು x ಆಗಲಿ. ಈಗ ಹಿಡಿಯುವ ಕಾಲ 240/x, ವೇಗ ಹೆಚ್ಚಿದರೆ 240/(x+20). ಇಲ್ಲಿ ಪೆನ್ನು ಕೆಳಗಿಟ್ಟು ಒಂದೇ ಮಾತು ಕೇಳಿಕೋ: ಎರಡರಲ್ಲಿ ಯಾವುದು ದೊಡ್ಡದು? ನಿಧಾನ ಹೋದಾಗ ಹೆಚ್ಚು ಹೊತ್ತು. ಆದ್ದರಿಂದ ದೊಡ್ಡದರಿಂದ ಚಿಕ್ಕದನ್ನು ಕಳೆ:

240/x − 240/(x+20) = 1

ಇದನ್ನು ಸರಳಗೊಳಿಸಿದರೆ x² + 20x − 4800 = 0, ಅಂದರೆ (x+80)(x−60) = 0. ವೇಗ ಋಣ ಸಂಖ್ಯೆ ಆಗದು, −80 ಬಿಡು. ಉತ್ತರ ಗಂಟೆಗೆ 60 ಕಿ.ಮೀ. ಇಷ್ಟಕ್ಕೇ ನಿಲ್ಲಿಸದೆ ಉತ್ತರವನ್ನು ಕತೆಯಲ್ಲಿಟ್ಟು ನೋಡು: 60ರಲ್ಲಿ 4 ಗಂಟೆ, 80ರಲ್ಲಿ 3 ಗಂಟೆ, ವ್ಯತ್ಯಾಸ 1. ಸರಿ.

ಮಕ್ಕಳು ಹೆಚ್ಚಾಗಿ ಎಡವುವುದು ಆ ಕಳೆಯುವ ಸಾಲಿನಲ್ಲಿ. ಎರಡು ಕಾಲಗಳನ್ನು ಅದಲುಬದಲು ಮಾಡಿದರೆ x² + 20x + 4800 = 0 ಬರುತ್ತದೆ. ಅದರ ಶೋಧಕ 400 − 19200, ಋಣ ಸಂಖ್ಯೆ, ವಾಸ್ತವ ಮೂಲಗಳೇ ಇಲ್ಲ. ಬಸ್ಸು ಓಡಿರುವುದು ನಿಜವಾದ್ದರಿಂದ ಮೂಲ ಇರಲೇಬೇಕು. ಶೋಧಕ ಋಣವಾದರೆ ಅಪವರ್ತನದಲ್ಲಿ ತಪ್ಪು ಹುಡುಕುತ್ತಾ ಕೂರದೆ ನೇರ ಆ ಕಳೆಯುವ ಸಾಲಿಗೆ ಹಿಂದಿರುಗು.

ಇನ್ನು ಮೂರು ವಾರದ ಓದು. ಮೊದಲ ವಾರ ಯಾವ ಲೆಕ್ಕವನ್ನೂ ಬಿಡಿಸಬೇಡ. ದಿನಕ್ಕೆ ಮೂರು ಲೆಕ್ಕ ತೆಗೆದುಕೊಂಡು x ಯಾವುದು, ಎರಡು ಪರಿಮಾಣಗಳು ಯಾವುವು, ದೊಡ್ಡದು ಯಾವುದು ಎಂದು ಬರೆದು ಸಮೀಕರಣಕ್ಕೆ ನಿಲ್ಲಿಸು. ಬಿಡಿಸುವುದು ನಿನಗೆ ಬರುತ್ತದೆ, ಅದಕ್ಕೆ ಈಗ ಹೊತ್ತು ಕಳೆಯುವುದು ಬೇಡ.

ಎರಡನೇ ವಾರ ಅವೇ ಲೆಕ್ಕಗಳನ್ನು ಹಳೆಯ ಪುಟ ಮುಚ್ಚಿಟ್ಟು ಖಾಲಿ ಹಾಳೆಯಲ್ಲಿ ಮೊದಲಿನಿಂದ ಪೂರ್ತಿ ಬಿಡಿಸು. ಸಿಕ್ಕಿಕೊಂಡರೆ ಹತ್ತು ನಿಮಿಷ ಯೋಚಿಸಿ, ಆಮೇಲಷ್ಟೇ ಪುಟ ತೆರೆ. ಮುಚ್ಚಿಟ್ಟು ಬರೆ ಎನ್ನಲು ಕಾರಣವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಪಾಠವನ್ನು ಓದಬೇಕಿತ್ತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಪಾಠ ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದೆ ಬಂದರು. ಅದು ಗದ್ಯ ಪಾಠದ ಪ್ರಯೋಗ, ಲೆಕ್ಕದ್ದಲ್ಲ. ಆದರೂ ಉತ್ತರ ಓದಿದ ರಾತ್ರಿ ಎಲ್ಲ ಬಂತು ಅನ್ನಿಸಿ, ಪರೀಕ್ಷೆಯ ದಿನ ಏನೂ ಹೊಳೆಯದಿರುವುದನ್ನು ನನ್ನ ವಿದ್ಯಾರ್ಥಿಗಳಲ್ಲಿ ಪ್ರತಿವರ್ಷ ಕಾಣುತ್ತೇನೆ.

ಮೂರನೇ ವಾರ ಅಧ್ಯಾಯಗಳನ್ನು ಬೆರೆಸು. ಸಮಾಂತರ ಶ್ರೇಢಿಯದು ಒಂದು, ಜೋಡಿ ಸಮೀಕರಣದ್ದು ಒಂದು, ವರ್ಗ ಸಮೀಕರಣದ್ದು ಎರಡು ಲೆಕ್ಕ ಚೀಟಿಗಳಲ್ಲಿ ಬರೆದು ಕಲಸಿ ತೆಗೆ. ಪರೀಕ್ಷೆಯ ಪ್ರಶ್ನೆಯ ಮೇಲೆ ಅಧ್ಯಾಯದ ಹೆಸರು ಇರುವುದಿಲ್ಲ. ಯಾವ ದಾರಿ ಹಿಡಿಯಬೇಕೆಂದು ಗುರುತಿಸುವುದಕ್ಕೂ ಅಭ್ಯಾಸ ಬೇಕು.

ಈ ಓದು ಶುರುಮಾಡುವ ಮೊದಲು, ಇಂದಿಗೆ ಪೂರ್ತಿ ಬಿಡಿಸಲು ಈ ಒಂದು ಲೆಕ್ಕ: ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ 10 ಕಿ.ಮೀ. ಹೊಳೆಯಲ್ಲಿ 24 ಕಿ.ಮೀ. ಪ್ರವಾಹಕ್ಕೆ ಎದುರಾಗಿ ಹೋಗಲು, ಅಷ್ಟೇ ದೂರ ಪ್ರವಾಹದೊಂದಿಗೆ ಹೋಗುವುದಕ್ಕಿಂತ 1 ಗಂಟೆ ಹೆಚ್ಚು ಬೇಕು. ಪ್ರವಾಹದ ವೇಗ x ಆದರೆ ಎರಡು ಕಾಲಗಳು 24/(10−x) ಮತ್ತು 24/(10+x). ಮುಂದಿನದು ನಿನ್ನದು. ನಿನ್ನ ಉತ್ತರ 10ಕ್ಕಿಂತ ಕಡಿಮೆ ಇರಬೇಕು, ಎರಡು ಕಾಲಗಳ ವ್ಯತ್ಯಾಸ ಸರಿಯಾಗಿ 1 ಗಂಟೆ ಬರಬೇಕು. ಬಾರದಿದ್ದರೆ ಹೊಡೆದುಹಾಕಿದ ಸಾಲುಗಳನ್ನು ಅಳಿಸದೆ ಹಾಳೆಯನ್ನು ಹಾಗೇ ಕಳಿಸು. ಎಲ್ಲಿ ತಪ್ಪಿದೆ ಎಂದು ಗುರುತು ಹಾಕಿ ಬರೆಯುತ್ತೇನೆ.