ಟ್ಯೂಷನ್ ಫೀ ಎಷ್ಟು ಇಡಬೇಕು? ಬೆಟಗೇರಿಯ ಒಂದು ಕೋಣೆಯ ಲೆಕ್ಕ

ಕಳೆದ ವರ್ಷ ನಾವು ಮೂವರು ಗೆಳೆಯರು ಬೆಟಗೇರಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಹತ್ತನೇ ತರಗತಿಯ ಮಕ್ಕಳಿಗೆ ಸಂಜೆ ಎರಡು ತಾಸು ಗಣಿತ, ವಿಜ್ಞಾನ ಹೇಳಿಕೊಡೋಕೆ ಶುರು ಮಾಡಿದ್ವಿ. ತಿಂಗಳಿಗೆ 12,000 ರೂಪಾಯಿ ಉಳಿದ್ರೆ ತಲಾ 4,000 ಬರುತ್ತೆ, ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕಕ್ಕೆ ಮನೆಯವರ ಮುಂದೆ ಕೈ ಚಾಚೋದು ತಪ್ಪುತ್ತೆ ಅನ್ನೋದು ಆಸೆ. ಕೈಗೆ ಬಂದದ್ದು 9,600. ಎಲ್ಲಿ ತಪ್ಪಿದ್ವಿ ಅಂತ ಬರೆದಿಡ್ತೀವಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಇದೇ ಕೆಲಸಕ್ಕೆ ಇಳಿಯೋ ಗೆಳೆಯರಿಗೆ ಉಪಯೋಗ ಆಗಬಹುದು.

ನಮ್ಮ ಖರ್ಚು ಹೀಗಿತ್ತು: ಬಾಡಿಗೆ 2,500, ಕರೆಂಟಿಗೆ 200, ಬೋರ್ಡಿನ ಮಾರ್ಕರ್, ಡಸ್ಟರ್ ಇತ್ಯಾದಿಗೆ 300. ಒಟ್ಟು 3,000. ಮಕ್ಕಳು ಹೆಚ್ಚಾಗಲಿ, ಕಡಿಮೆಯಾಗಲಿ, ಇದು ಬದಲಾಗಲ್ಲ. ಇನ್ನೊಂದು ಖರ್ಚು ತಲೆ ಲೆಕ್ಕದ್ದು: ನೋಟ್ಸ್, ಟೆಸ್ಟ್ ಪೇಪರ್ ಝೆರಾಕ್ಸಿಗೆ ಒಬ್ಬರಿಗೆ 50 ರೂಪಾಯಿ. ಇಪ್ಪತ್ತು ಮಕ್ಕಳಿದ್ರು. 12,000ಕ್ಕೆ 3,000 ಕೂಡಿಸಿ ಇಪ್ಪತ್ತರಿಂದ ಭಾಗಿಸಿದ್ರೆ 750, ಅದಕ್ಕೆ ಝೆರಾಕ್ಸಿನ 50. ಫೀ 800 ಅಂತ ಹೇಳಿಬಿಟ್ವಿ.

ಕರೆಂಟಿನ ವಿಷಯದಲ್ಲಿ ಮಾತ್ರ ನಾವು ಎಂಜಿನಿಯರಿಂಗ್ ಹುಡುಗರ ಹಂಗ ನಡಕೊಂಡಿದ್ವಿ. ಕೋಣೆಯ ಮಾಲೀಕರು ತಿಂಗಳಿಗೆ 500 ಕೇಳಿದ್ರು. ಎರಡು ಫ್ಯಾನು 150 ವ್ಯಾಟ್, ಎರಡು ಎಲ್‌ಇಡಿ ಟ್ಯೂಬು 40 ವ್ಯಾಟ್. ದಿನಕ್ಕೆ ಎರಡು ತಾಸು, 25 ದಿನ ಅಂದ್ರೆ 50 ತಾಸು. 190 ವ್ಯಾಟನ್ನು 50ರಿಂದ ಗುಣಿಸಿದ್ರೆ ಒಂಬತ್ತೂವರೆ ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದ್ರೂ ನೂರು ದಾಟಲ್ಲ. ಇದನ್ನ ಚೀಟಿಯಲ್ಲಿ ಬರೆದು ತೋರಿಸಿದ್ವಿ, ಮಾಲೀಕರು 200ಕ್ಕೆ ಒಪ್ಪಿದ್ರು.

ಮೊದಲ ತಪ್ಪು ಭಾಗಿಸೋ ಸಂಖ್ಯೆಯಲ್ಲಿತ್ತು. ಹೆಸರು ಹಚ್ಚಿದವರು ಇಪ್ಪತ್ತು, ಫೀ ಕೊಟ್ಟವರು ಹದಿನೇಳು. ಉಳಿದ ಮೂವರ ಮನೆಯ ಪರಿಸ್ಥಿತಿ ನಮಗೂ ಗೊತ್ತಿತ್ತು, ಕೇಳೋಕೆ ಬಾಯಿ ಬರಲಿಲ್ಲ. ಆದ್ರೆ ಝೆರಾಕ್ಸ್ ಇಪ್ಪತ್ತೂ ಮಂದಿಗೆ ಬೇಕು. 17ನ್ನು 800ರಿಂದ ಗುಣಿಸಿದ್ರೆ 13,600. ಅದರಲ್ಲಿ 3,000 ಮತ್ತು 1,000 ಕಳೆದ್ರೆ 9,600. ಫೀ ಕೊಡದವರು ಶೇಕಡಾ 15, ನಮ್ಮ ಗಳಿಕೆ ಇಳಿದದ್ದು ಶೇಕಡಾ 20. ಯಾಕಂದ್ರೆ ಬಾಡಿಗೆ, ಝೆರಾಕ್ಸ್ ಒಂದು ರೂಪಾಯಿನೂ ಇಳಿಯಲ್ಲ, ಕೊರತೆಯೆಲ್ಲ ನಮ್ಮ ಪಾಲಿನ ಮ್ಯಾಲೇ ಬೀಳುತ್ತೆ.

ಎರಡನೇ ತಪ್ಪು ತಿಂಗಳದ್ದು. ಪಾಠ ಜೂನಿನಿಂದ ಮಾರ್ಚಿನವರೆಗೆ, ಹತ್ತೇ ತಿಂಗಳು. ಕೋಣೆ ಕೈ ಬಿಡಬಾರದು ಅಂದ್ರೆ ಬಾಡಿಗೆ ಹನ್ನೆರಡು ತಿಂಗಳಿಗೂ ಕಟ್ಟಬೇಕು. ವರ್ಷದ 30,000ವನ್ನು ಹತ್ತರಿಂದ ಭಾಗಿಸಿದ್ರೆ ತಿಂಗಳ ಬಾಡಿಗೆ ನಿಜವಾಗಿ 3,000. ಹಂಗಾಗಿ ಸ್ಥಿರ ಖರ್ಚು 3,500. ಸರಿಯಾದ ಸೂತ್ರ ಇದು:

```
F = (T + K + m*N) / P
```

ಇಲ್ಲಿ `F` ಫೀ, `T` ಗುರಿಯ ಗಳಿಕೆ, `K` ಸ್ಥಿರ ಖರ್ಚು, `m` ಒಬ್ಬರ ಝೆರಾಕ್ಸ್, `N` ಹೆಸರು ಹಚ್ಚಿದವರು, `P` ನಿಜವಾಗಿ ಕೊಡುವವರು. 12,000, 3,500 ಮತ್ತು 1,000 ಸೇರಿ 16,500. ಹದಿನೇಳರಿಂದ ಭಾಗಿಸಿದ್ರೆ ಸುಮಾರು 971. ಅಂದ್ರೆ ಫೀ 1,000 ಇಡಬೇಕಿತ್ತು.

ಓಣಿಯಲ್ಲಿ ಉಳಿದವರೆಲ್ಲ 800 ತಗೊಳ್ಳುವಾಗ ನಮಗ ಸಾವಿರ ಯಾರು ಕೊಡ್ತಾರ ಅಂತ ಕೇಳಬಹುದು. ಹಾಗಾದ್ರೆ ಮಕ್ಕಳನ್ನು ಹೆಚ್ಚಿಸಬೇಕು. 25 ಮಂದಿ ಸೇರಿ 21 ಮಂದಿ 800 ಕೊಟ್ರೆ 16,800 ಬರುತ್ತೆ. ಝೆರಾಕ್ಸಿನ 1,250, ಸ್ಥಿರ ಖರ್ಚು 3,500 ಕಳೆದ್ರೆ 12,050 ಉಳಿಯುತ್ತೆ. ಕಾಗದದ ಮ್ಯಾಲೆ ಕೂಡುತ್ತೆ, ಕೋಣೆಯೊಳಗ ಕೂಡಲ್ಲ. ಹತ್ತು ಅಡಿ, ಹನ್ನೆರಡು ಅಡಿ ಕೋಣೆಯಲ್ಲಿ ಬೋರ್ಡಿನ ಮುಂದಿನ ಜಾಗ ಬಿಟ್ರೆ 100 ಚದರ ಅಡಿ. ಜಮಖಾನೆ ಮ್ಯಾಲೆ ಕೂತು ಬರೆಯೋಕೆ ಒಬ್ಬರಿಗೆ ಐದು ಚದರ ಅಡಿ ಬೇಕು, ಇಪ್ಪತ್ತಕ್ಕೇ ಕೋಣೆ ತುಂಬ್ತು. ಎರಡು ಬ್ಯಾಚ್ ಮಾಡಿದ್ರೆ ಬಾಡಿಗೆ ಅಷ್ಟೇ, ಆದ್ರೆ ಪಾಠದ ತಾಸು 50 ಹೋಗಿ 100 ಆಗುತ್ತೆ. ತಾಸಿಗೆ 240 ಇದ್ದದ್ದು 120ಕ್ಕೆ ಇಳಿಯುತ್ತೆ. ಇಳಿಸಿದ ಫೀಯನ್ನು ನಾವು ನಮ್ಮ ಓದಿನ ಹೊತ್ತಿನಿಂದ ತುಂಬಿಕೊಟ್ಟಂಗ.

ಇನ್ನೊಂದು ಮಾತು. ತಡವಾಗಿ ಕೊಡೋರು ಬೇರೆ, ಕೊಡದವರು ಬೇರೆ. ಮುಂಡರಗಿ, ಶಿರಹಟ್ಟಿ ಕಡೆಯ ರೈತರ ಮನೆಯವರು "ಹೆಸರು ಮಾರಿದ ಮ್ಯಾಲೆ ಕೊಡ್ತೀವ್ರಿ" ಅಂದ್ರೆ, ಅವರನ್ನು `P`ಯಲ್ಲೇ ಹಿಡೀರಿ. ಆದ್ರೆ ಆ ಫಸಲು ಬರೋತನಕ ಎರಡು ಮೂರು ತಿಂಗಳ ಬಾಡಿಗೆ ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡ್ರಿ.

ಈ ವರ್ಷ ನಾವು ಮೂರು ಸೀಟು ಫೀ ಇಲ್ಲದವು ಅಂತ ಜೂನಿನಲ್ಲೇ ತೀರ್ಮಾನಿಸಿ ಫೀ 1,000 ಇಟ್ಟಿದೀವಿ. ಯಾಕಂತ ಕೇಳಿದ ಪಾಲಕರಿಗೆ ಈ ಲೆಕ್ಕವನ್ನೇ ತೋರಿಸಿದ್ವಿ. ಇಬ್ಬರು ಬೇರೆ ಕಡೆ ಹೋದ್ರು, ಉಳಿದವರು ಒಪ್ಪಿದ್ರು. ಆ ಎರಡು ಜಾಗ ಲಕ್ಷ್ಮೇಶ್ವರದಿಂದ ಬಂದು ಇಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಓದೋ ಇಬ್ಬರು ಹುಡುಗಿಯರಿಂದ ತುಂಬಿದುವು.