ಸೊಪ್ಪು ನೋಡಿ ಮೊಟ್ಟೆ ತಗೋ, ತಮ್ಮ

ತಮ್ಮ, ಕೆರೆ ಹಿಂದಿನ ಒಂದು ಎಕರೆಯಲ್ಲಿ ಹಿಪ್ಪುನೇರಳೆ ಹಾಕಿದ್ದೀಯ, ಗಿಡ ಚೆನ್ನಾಗಿ ಎದ್ದಿದೆ ಅಂತ ಕೇಳಿ ಸಂತೋಷ ಆಯ್ತು. ಇನ್ನು ಹುಳ ಸಾಕಣೆ ಮನೆ ಕಟ್ಟಿಸೋಕೆ ಸಾಲ ಮಾಡೋಣವೇ, ಮೊದಲ ಬೆಳೆಗೇ ಇನ್ನೂರೈವತ್ತು ಮೊಟ್ಟೆ ತರೋಣವೇ ಅಂತ ಕೇಳಿದ್ದೀಯ. ಎರಡಕ್ಕೂ ನನ್ನ ಉತ್ತರ: ಈಗ ಬೇಡ. ಯಾಕೆ ಅಂತ ಬಿಡಿಸಿ ಹೇಳ್ತೀನಿ.

ನಾವು ಶಿಕಾರಿಪುರ, ಸೊರಬದ ಕಡೆಯವರು ಅಡಿಕೆ, ಭತ್ತ, ಮೆಕ್ಕೆಜೋಳಕ್ಕೆ ಒಗ್ಗಿದ ಜನ. ರೇಟು ಬಿದ್ದರೆ ಅಡಿಕೆ ಚೀಲ ಕಟ್ಟಿ ಅಟ್ಟದ ಮೇಲಿಡ್ತೀವಿ, ಜೋಳವನ್ನ ಎರಡು ತಿಂಗಳು ತಡೀತೀವಿ. ರೇಷ್ಮೆಗೂಡಿಗೆ ಆ ಉಪಾಯ ನಡೆಯೋದಿಲ್ಲ. ಹುಳ ಚಂದ್ರಿಕೆ ಹತ್ತಿದ ಆರು ಏಳನೇ ದಿನ ಗೂಡು ಬಿಡಿಸಬೇಕು. ಬಿಡಿಸಿದ ಮೇಲೆ ದಿನದಿನಕ್ಕೂ ತೂಕ ಇಳೀತದೆ. ಹತ್ತು ಹನ್ನೆರಡನೇ ದಿನದ ಹೊತ್ತಿಗೆ ಒಳಗಿನ ಕೋಶ ಪತಂಗವಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯೋಕಾಗಲ್ಲ. ಅಂದರೆ ಆ ದಿನ ಹರಾಜಿನಲ್ಲಿ ಎಷ್ಟು ಕೂಗಿದರೋ ಅಷ್ಟಕ್ಕೇ ಕೊಟ್ಟು ಬರಬೇಕು.

ಆ ಬೆಲೆ ನಿನ್ನ ಹುಳ ನೋಡಿ ಮಾತ್ರ ನಿಲ್ಲೋದಿಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳೀತು. ಚೀನಾದ ನೂಲು ಅಗ್ಗವಾಗಿ ಬಂತು, ಇಲ್ಲಿ ಗೂಡಿನ ದರ ಕುಸಿದು ರಾಮನಗರದ ಕಡೆ ರೈತರು ಬೀದಿಗಿಳಿದರು. 2020ರ ಲಾಕ್‌ಡೌನಿನಲ್ಲಿ ಮದುವೆ ನಿಂತವು, ಸೀರೆ ನಿಂತಿತು, ಗೂಡಿನ ಬೆಲೆ ಮತ್ತೆ ನೆಲ ಕಚ್ಚಿತು. ಎರಡು ಸಲವೂ ರೈತನ ಸಾಕಣೆಯಲ್ಲಿ ತಪ್ಪಿರಲಿಲ್ಲ. ಬೆಲೆ ನಮ್ಮ ಕೈಯಲ್ಲಿಲ್ಲ ಅಂದಮೇಲೆ ಕೈಯಲ್ಲಿರೋದು ಖರ್ಚು ಮತ್ತು ಇಳುವರಿ, ಎರಡೇ.

ಈಗ ನೂರು ಮೊಟ್ಟೆಯ ಲೆಕ್ಕ ಹಾಕೋಣ. ದರಗಳು ಬರೀ ಉದಾಹರಣೆಗೆ, ನಿನ್ನ ಬೆಳೆಯ ಹೊತ್ತಿಗೆ ಏನಿರ್ತದೋ ಅದನ್ನೇ ಹಾಕಿಕೋ. ಚಾಕಿ ಹುಳಕ್ಕೆ 4,000, ಬ್ಲೀಚಿಂಗ್ ಪೌಡರು, ಸುಣ್ಣ, ಹಾಸುಗೆಗೆ ಉದುರಿಸೋ ಪುಡಿ, ಪೇಪರಿಗೆ 1,500, ತೋಟದ ಗೊಬ್ಬರ ನೀರಿನ ಪಾಲು 3,000, ಎಂಟು ಆಳಿನ ಕೂಲಿ 4,000, ಸಾಗಣೆ ಮತ್ತು ಮಾರುಕಟ್ಟೆಗೆ ಹೋಗಿಬರೋ ಖರ್ಚು 2,500. ಒಟ್ಟು 15,000 ರೂಪಾಯಿ. ಬೆಳೆ ಚೆನ್ನಾಗಿ ಬಂದು 65 ಕಿಲೋ ಗೂಡು ಸಿಕ್ಕಿ, ಕಿಲೋಗೆ 500 ಆದರೆ 32,500 ಬರ್ತದೆ, 17,500 ಉಳೀತದೆ. ದರ 350ಕ್ಕೆ ಬಿದ್ದರೂ 7,750 ಕೈಗೆ ಬರ್ತದೆ. ಆದರೆ ಅದೇ 350ರ ದರದಲ್ಲಿ ರೋಗ ಬಂದು ಇಳುವರಿ 40 ಕಿಲೋಗೆ ಇಳಿದರೆ 14,000 ಮಾತ್ರ, ಸಾವಿರ ರೂಪಾಯಿ ಕೈಯಿಂದ ಹೋಗ್ತದೆ. ಇದರಲ್ಲಿ ನಿನ್ನದೂ ನಿನ್ನ ಹೆಂಡತಿಯದೂ ದುಡಿಮೆಗೆ ಒಂದು ಪೈಸೆ ಹಾಕಿಲ್ಲ, ನೆನಪಿಟ್ಟುಕೋ.

ನೋಡು, ಬೆಲೆ ಒಂದೇ ಬಿದ್ದರೆ ಸಣ್ಣ ರೈತ ತಡೀತಾನೆ, ಇಳುವರಿ ಒಂದೇ ಬಿದ್ದರೂ ಹೇಗೋ ಸುಧಾರಿಸಿಕೊಳ್ತಾನೆ. ಎರಡೂ ಸೇರಿದ ತಿಂಗಳಲ್ಲೇ ಬ್ಯಾಂಕಿನ ಕಂತೂ ಬಂದರೆ ಏಳೋದು ಕಷ್ಟ. ಅದಕ್ಕೇ ಮನೆಗೆ ಸಾಲ ಬೇಡ ಅಂದದ್ದು. ರೇಷ್ಮೆ ಇಲಾಖೆಯ ಸಹಾಯಧನ ಇದೆ, ಸರಿ. ಆದರೆ ಅದು ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆ ಬರೋ ದುಡ್ಡು, ಮೊದಲು ನಾವೇ ಹಾಕಬೇಕು. ಐದಡಿ ಅಗಲ, ಮೂವತ್ತೈದಡಿ ಉದ್ದದ ನಾಲ್ಕು ಅಂತಸ್ತಿನ ಒಂದು ಸ್ಟ್ಯಾಂಡು ನೂರು ಮೊಟ್ಟೆಗೆ ಸಾಕು. ನಿನ್ನ ಹಳೇ ಮೆಕ್ಕೆಜೋಳದ ಶೆಡ್ಡಿನಲ್ಲಿ ಕ್ರಿಮಿನಾಶಕದ ವಾಸನೆ ಒಂಚೂರೂ ಇಲ್ಲ ಅಂದರೆ ಅದನ್ನೇ ತೊಳೆದು, ಕಿಟಕಿಗೆ ಊಜಿ ನೊಣ ನುಗ್ಗದಂತೆ ನೈಲಾನ್ ಪರದೆ ಹೊಡೆದು ಶುರುಮಾಡು.

ಇನ್ನು ಆಳಿನ ಮಾತು. ಎರಡನೇ ಜ್ವರ ಎದ್ದ ಚಾಕಿ ಹುಳ ತಂದರೆ ಮುಂದೆ ಹಣ್ಣಾಗೋವರೆಗೆ ಹದಿನಾರು ಹದಿನೆಂಟು ದಿನ. ಶುರುವಿನ ದಿನಗಳಲ್ಲಿ ಇಬ್ಬರು ಆರಾಮಾಗಿ ನಿಭಾಯಿಸಬಹುದು. ನೂರು ಮೊಟ್ಟೆ ತಿನ್ನೋ ಸುಮಾರು ಒಂದು ಟನ್ ಸೊಪ್ಪಿನಲ್ಲಿ ಹತ್ತಿರ ಹತ್ತಿರ ಶೇ 85ರಷ್ಟು ನಾಲ್ಕನೇ ಜ್ವರ ಎದ್ದ ಮೇಲಿನ ಕೊನೇ ಏಳು ದಿನಕ್ಕೇ ಬೇಕು. ಆಗ ದಿನಕ್ಕೆ ನೂರು ಕಿಲೋ ದಾಟಿ ಎಲೆ, ಕಡ್ಡಿ ಸೇರಿದರೆ ಇನ್ನೂ ಭಾರ. ಬೆಳಗಿನ ತಂಪಿನಲ್ಲಿ ಕೊಯ್ದು, ಒದ್ದೆ ಗೋಣಿ ಮುಚ್ಚಿಟ್ಟು, ಹೊತ್ತಿಗೆ ಸರಿಯಾಗಿ ಹಾಕಬೇಕು. ಆಮೇಲೆ ಒಂದೆರಡು ದಿನದಲ್ಲೇ ಹುಳವೆಲ್ಲ ಹಣ್ಣಾಗ್ತದೆ. ಸೊಪ್ಪು ಬಿಟ್ಟು, ಮೈ ಕುಗ್ಗಿ, ಬೆಳಕಿಗೆ ಹಿಡಿದರೆ ಒಳಗೆ ಹೊಳೆಯೋ ಹಾಗಾದರೆ ಹಣ್ಣು ಅಂತ ಲೆಕ್ಕ. ಆ ದಿನ ನಾಲ್ಕು ಕೈ ಹೆಚ್ಚು ಬೇಕು. ತಡವಾದರೆ ಹುಳ ಹಾಸುಗೆಯಲ್ಲೇ ರೇಷ್ಮೆ ಕಕ್ಕಿ ಹಾಳುಮಾಡ್ತದೆ, ಚಂದ್ರಿಕೆಗೆ ಇಕ್ಕಟ್ಟಾಗಿ ಬಿಟ್ಟರೆ ಜೋಡಿಗೂಡು, ಕಲೆಗೂಡು ಆಗ್ತದೆ. ಹಾಗಾಗಿ ಮೊಟ್ಟೆ ಬುಕ್ ಮಾಡೋ ಮೊದಲು ಕ್ಯಾಲೆಂಡರಿನಲ್ಲಿ ಈ ಹತ್ತು ದಿನ ಎಲ್ಲಿ ಬೀಳ್ತದೆ ಅಂತ ನೋಡು. ಭತ್ತದ ನಾಟಿ ಅಥವಾ ಅಡಿಕೆ ಸುಲಿಯೋ ಹೊತ್ತಿನಲ್ಲಿ ಬಿದ್ದರೆ ದುಪ್ಪಟ್ಟು ಕೂಲಿ ಕೊಟ್ಟರೂ ಆಳು ಸಿಗೋಲ್ಲ.

ಮಳೆಗಾಲದ ಬೆಳೆ ನಮ್ಮ ಸೀಮೆಗೆ ಹೊಂದೋದು ಕಷ್ಟ. ಬಯಲುಸೀಮೆಯವರು ವರ್ಷಕ್ಕೆ ಐದು ಬೆಳೆ ತೆಗೀತಾರೆ ಅಂತ ನಾವೂ ಲೆಕ್ಕ ಹಾಕಬಾರದು. ಜುಲೈ ಆಗಸ್ಟಿನ ಜಡಿಮಳೆಯಲ್ಲಿ ಸೊಪ್ಪು ಒದ್ದೆ, ಹಾಸುಗೆ ಒದ್ದೆ. ಹುಳ ಮೆತ್ತಗಾಗಿ ಸಪ್ಪೆರೋಗಕ್ಕೆ ಬೀಳ್ತದೆ, ಇಲ್ಲವೇ ಬೆಳ್ಳಗೆ ಗಟ್ಟಿಯಾಗಿ ಸುಣ್ಣಕಟ್ಟು ರೋಗಕ್ಕೆ ಸಾಯ್ತದೆ. ಗೂಡು ಕಟ್ಟೋವಾಗ ತೇವ ಹೆಚ್ಚಿದ್ದರೆ ನೂಲು ಸಲೀಸಾಗಿ ಬಿಚ್ಚಿಕೊಳ್ಳದೆ ರೀಲರು ದರ ಇಳಿಸ್ತಾನೆ. ಆ ಎರಡು ತಿಂಗಳು ತೋಟಕ್ಕೆ ಗೊಬ್ಬರ ಕೊಟ್ಟು ಸುಮ್ಮನಿರು. ವರ್ಷಕ್ಕೆ ಮೂರು ನಾಲ್ಕು ಬೆಳೆ ಸಾಕು.

ಇನ್ನೊಂದು ಅಪಾಯ ನಿನ್ನ ಬದುವಿನ ಆಚೆ ಇದೆ. ಪಕ್ಕದ ಹೊಲದವನು ಮೆಕ್ಕೆಜೋಳದ ಲದ್ದಿಹುಳಕ್ಕೆ ಔಷಧಿ ಹೊಡೆದರೆ ಗಾಳಿಗೆ ನಿನ್ನ ಸೊಪ್ಪಿನ ಮೇಲೂ ಬೀಳ್ತದೆ. ಲದ್ದಿಹುಳ ಸಾಯಿಸೋ ಔಷಧಿ ರೇಷ್ಮೆ ಹುಳವನ್ನ ಬಿಡೋದಿಲ್ಲ. ಹುಳ ತಲೆ ಒದರಾಡಿ, ಬಾಯಲ್ಲಿ ಹಸಿರು ರಸ ಕಕ್ಕಿ, ಮೈ ಮುದುಡಿದರೆ ರೋಗ ಅಂದುಕೋಬೇಡ, ಅದು ವಿಷ. ಅವನ ಹತ್ತಿರ ಮೊದಲೇ ಮಾತಾಡಿಟ್ಟುಕೋ, ಆ ಬದುವಿನ ಸಾಲುಗಳ ಸೊಪ್ಪನ್ನ ಕೊನೆಗೆ ಬಿಡು. ಅನುಮಾನ ಬಂದರೆ ಇಪ್ಪತ್ತು ಹುಳಕ್ಕೆ ಹಾಕಿ ಒಂದು ದಿನ ಕಾದು ನೋಡು.

ಮಾರಾಟಕ್ಕೆ ರಾಮನಗರ ದೊಡ್ಡ ಮಾರುಕಟ್ಟೆ ನಿಜ, ಆದರೆ ಅದು ಒಂದು ರಾತ್ರಿಯ ದಾರಿ. ಅರವತ್ತು ಕಿಲೋ ಗೂಡಿಗೆ ಗಾಡಿ ಬಾಡಿಗೆ ಗಿಟ್ಟೋದಿಲ್ಲ. ಹಾವೇರಿ, ಶಿರಹಟ್ಟಿ ನಮಗೆ ಹತ್ತಿರ. ಎರಡು ಕಡೆಯ ದರ ಕೇಳಿ, ಬಾಡಿಗೆ ಕಳೆದು, ಉಳಿಯೋ ದುಡ್ಡು ನೋಡಿ ತೀರ್ಮಾನ ಮಾಡು. ಹತ್ತಿರದಲ್ಲಿ ಇನ್ನೊಬ್ಬ ಬೆಳೆಗಾರ ಇದ್ದರೆ ಇಬ್ಬರೂ ಒಂದೇ ದಿನ ಚಾಕಿ ತಂದರೆ ಗೂಡೂ ಒಂದೇ ಗಾಡಿಯಲ್ಲಿ ಹೋಗ್ತದೆ. ಹೊರಡೋ ಮೊದಲು ಜಳ್ಳು, ಜೋಡಿ, ಕಲೆಗೂಡು ಆರಿಸಿ ಬೇರೆ ಇಡು. ರೀಲರು ಹಿಡಿ ತುಂಬ ಗೂಡು ತೆಗೆದು ಕಿವಿ ಹತ್ತಿರ ಅಲ್ಲಾಡಿಸ್ತಾನೆ. ಕೋಶ ಗಟ್ಟಿಯಾಗಿ ಟಕಟಕ ಅಂದರೆ ದರ ಏರಿಸ್ತಾನೆ, ಕೆಟ್ಟದ್ದು ನಾಲ್ಕು ಸಿಕ್ಕರೆ ಇಡೀ ರಾಶಿಗೇ ಇಳಿಸ್ತಾನೆ.

ಹಾಗಾಗಿ ಮಳೆ ಬಿಟ್ಟ ಮೇಲೆ ನೂರು ಮೊಟ್ಟೆಯಿಂದ ಶುರುಮಾಡು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಬೆಳೆಯ ಖರ್ಚು, ತೂಕ, ದರ ಬರೆದಿಡು, ಮನೆಯವರ ಕೂಲಿಯನ್ನೂ ಬರಿ. ಮೂರು ಬೆಳೆ ಆದ ಮೇಲೆ ಆ ಕೂಲಿ ಕಳೆದೂ ದುಡ್ಡು ಉಳಿದಿದ್ದರೆ ಮನೆ ಕಟ್ಟಿಸೋ ಮಾತು ಆಡೋಣ. ಉಳಿಯದಿದ್ದರೆ ಮೊಟ್ಟೆ ಹೆಚ್ಚಿಸಿದರೂ ಉಳಿಯೋದಿಲ್ಲ, ನಷ್ಟ ದೊಡ್ಡದಾಗ್ತದೆ ಅಷ್ಟೆ.