ಮರ್ಯಾದೆ ಕೂತಿರುವುದು ವಾಕ್ಯದ ಕೊನೆಯಲ್ಲಿ

ಕುರುಬರಹಳ್ಳಿಯ ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ನಿರೂಪಣೆ ನನ್ನ ಪಾಲಿನ ಕೆಲಸ. ವೇದಿಕೆ ಮೇಲೆ ಎಂಬತ್ತು ದಾಟಿದ ನಿವೃತ್ತ ಮೇಷ್ಟ್ರು, ನಾನು ದಿನಾ "ಏನೋ" ಎಂದು ಮಾತಾಡಿಸುವ ಗೆಳೆಯ, ನಾಡಗೀತೆ ಹಾಡುವ ಆರನೇ ಕ್ಲಾಸಿನ ಹುಡುಗಿ, ಮೂವರೂ ಇರುತ್ತಾರೆ. ಹೆಸರಿನ ಹಿಂದೆ ಶ್ರೀಯುತ ಸೇರಿಸಬೇಕೋ, ಮಾನ್ಯ ಸೇರಿಸಬೇಕೋ ಎಂದು ಜನ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ನಿರೂಪಕರು ಎಡವುವುದು ಅಲ್ಲಲ್ಲ, ಕ್ರಿಯಾಪದದಲ್ಲಿ.

"ಮೇಷ್ಟ್ರು ಮಾತಾಡ್ತಾರೆ, ಆಮೇಲೆ ಗೆಳೆಯ ಮಾತಾಡ್ತಾನೆ, ಕೊನೆಗೆ ಹುಡುಗಿ ಹಾಡ್ತಾಳೆ." ಮನೆಯಲ್ಲಿ ಇದರಲ್ಲಿ ಏನೂ ತಪ್ಪಿಲ್ಲ. ಮೈಕಿನಲ್ಲಿ ಹೇಳಿದರೆ ಮೂರು ಮೆಟ್ಟಿಲು ಒಂದೇ ಉಸಿರಿನಲ್ಲಿ ಕೇಳಿಸುತ್ತವೆ. ಕೆಳಗೆ ಗೆಳೆಯನ ಹೆಂಡತಿ, ಮಕ್ಕಳು, ಆಫೀಸಿನವರು ಕೂತಿರುತ್ತಾರೆ. ನಮ್ಮಿಬ್ಬರ ಸಲುಗೆ ಅವರಿಗೆ ಗೊತ್ತಿಲ್ಲ, ಕಿವಿಗೆ ಬೀಳುವುದು "ತಾನೆ" ಒಂದೇ. ಹಾಗಾಗಿ ಸಮವಯಸ್ಕರಿಗೂ ನಾನು "ಅವರು", "ಮಾತಾಡ್ತಾರೆ" ಅಂತಲೇ ಹೇಳುತ್ತೇನೆ. ಸಲುಗೆ ತೋರಿಸಬೇಕೆನಿಸಿದರೆ "ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು" ಅಂದರೆ ಸಾಕು. ಪ್ರೀತಿಯೂ ಬಂತು, ಮರ್ಯಾದೆಯೂ ಉಳಿಯಿತು.

ಮೇಷ್ಟ್ರಿಗೆ "ಮೇಷ್ಟ್ರು ಅವರು" ಅನ್ನಬೇಕಿಲ್ಲ, ಆ ಪದದಲ್ಲೇ ಗೌರವದ ಬಹುವಚನ ಇದೆ. ರಾಜ್‌ಕುಮಾರ್ ಅವರನ್ನು ಜನ "ಅಣ್ಣಾವ್ರು" ಎಂದು ಕರೆದದ್ದೂ ಹೀಗೆಯೇ, ಮನೆಯ ಸಂಬಂಧಕ್ಕೆ ಗೌರವ ಬೆಸೆದು. ಮೇಷ್ಟ್ರ ಕಡೆ ತಿರುಗಿ ನೇರವಾಗಿ ಕೇಳುವಾಗ "ತಾವು ಎರಡು ಮಾತು ಆಡಬೇಕು" ಅನ್ನುತ್ತೇನೆ. ಒಮ್ಮೆ ತಾವು ಅಂದ ಮೇಲೆ ಮುಂದಿನ ವಾಕ್ಯದಲ್ಲಿ "ನಿಮ್ಮ" ಬರಬಾರದು, "ತಮ್ಮ" ಅಂತಲೇ ಮುಂದುವರಿಯಬೇಕು. ನಡುವೆ ಇಳಿದರೆ ಮೊದಲು ಹೇಳಿದ ತಾವು ಬಾಯಿಪಾಠದಂತೆ ಕೇಳಿಸುತ್ತದೆ.

ಕಷ್ಟವಿರುವುದು ಹುಡುಗಿಯ ವಿಷಯದಲ್ಲಿ. "ಹಾಡ್ತಾರೆ" ಅಂದರೆ ಮುಂದಿನ ಸಾಲಿನ ಅಜ್ಜಿಯರಿಗೆ ಕೃತಕ ಅನ್ನಿಸುತ್ತದೆ. "ಹಾಡ್ತಾಳೆ" ಅಂದರೆ ವೇದಿಕೆಗೆ ಬಂದ ಗಾಯಕಿಯನ್ನು ಬೀದಿಯ ಮಗುವಾಗಿ ಮಾಡಿದ ಹಾಗೆ. ಇದಕ್ಕೆ ನಮ್ಮ ನಿರೂಪಣೆಯ ಹಳೇ ದಾರಿಯೇ ಸರಿ: "ಈಗ ಕುಮಾರಿ..." ಎಂದು ಹೆಸರು ಹೇಳಿ, "ಇವರಿಂದ ನಾಡಗೀತೆ." ಕ್ರಿಯಾಪದವೇ ಇಲ್ಲ, ಆದ್ದರಿಂದ ಏರಿಳಿತವೂ ಇಲ್ಲ. ಹೀಗೆ ಸಭೆಗೆ ಹೇಳಿ ಮುಗಿಸಿ, ಮೈಕಿನಿಂದ ಸರಿದು, "ಬಾಮ್ಮ, ಇಲ್ಲಿ ನಿಂತ್ಕೋ" ಅಂದರೆ ಅವಳ ಭಯವೂ ಇಳಿಯುತ್ತದೆ. ಸಭೆಗೆ ಆಡುವ ಮಾತು ಬೇರೆ, ಮಗುವಿಗೆ ಆಡುವ ಮಾತು ಬೇರೆ.

ಮೂವರನ್ನೂ ಒಟ್ಟಿಗೆ ದೀಪ ಬೆಳಗಲು ಕರೆಯುವಾಗ "ಬೇಕು" ನೆರವಿಗೆ ಬರುತ್ತದೆ: "ಮೇಷ್ಟ್ರು, ನಮ್ಮ ಅತಿಥಿಗಳು, ಪುಟ್ಟ ಗಾಯಕಿ, ಎಲ್ಲರೂ ಬಂದು ದೀಪ ಬೆಳಗಬೇಕು." ನಾನು ಬೆಳಗಬೇಕು, ಅವಳು ಬೆಳಗಬೇಕು, ಅವರು ಬೆಳಗಬೇಕು, ಯಾರಿಗೂ ರೂಪ ಬದಲಾಗುವುದಿಲ್ಲ. ಕಾರ್ಯಕ್ರಮದ ಹಿಂದಿನ ರಾತ್ರಿ ಚೀಟಿಗಳನ್ನು ಗಟ್ಟಿಯಾಗಿ ಓದುತ್ತಾ ಹೆಸರು, ಬಿರುದು ಬಿಟ್ಟು ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಕೇಳಿಸಿಕೊಳ್ಳುತ್ತೇನೆ. ಎಲ್ಲೋ ಒಂದು "ತಾನೆ" ಉಳಿದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.